ಎಕ್ಸೆಲ್ ಪಾಠಕ್ಕೊಂದು ಹಣೆಪಟ್ಟಿ

ಸ್ಪ್ರೆಡ್‌ಶೀಟ್ ಪಾಠದ ಮೆಟಾಡೇಟಾ ಎಂದರೆ ಪಾಠದ ಒಳಗಿನ ವಿಷಯವಲ್ಲ. ಪಾಠ ತೆರೆಯುವ ಮುಂಚೆಯೇ ಓದಿಕೊಳ್ಳಬಹುದಾದ, ಅದರ ಬಗೆಗಿನ ವಿವರ. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ಚೀಟಿಯಲ್ಲಿ ತಳಿ ಯಾವುದು, ನೂರಕ್ಕೆ ಎಷ್ಟು ಮೊಳೆಯುತ್ತವೆ, ಯಾವ ತಾರೀಕಿನ ತನಕ ಬಿತ್ತಬಹುದು ಎಂದು ಬರೆದಿರುತ್ತದೆ. ಚೀಟಿ ಓದುವುದಕ್ಕೆ ಚೀಲ ಬಿಚ್ಚಬೇಕಾಗಿಲ್ಲ. ಎಕ್ಸೆಲ್ ಪಾಠದ ಹಣೆಪಟ್ಟಿಯೂ ಅಂಥದ್ದೇ. ಅದರಲ್ಲಿ ಮೂರು ಸಂಗತಿ ಇರಲೇಬೇಕು: ಯಾವ ತಂತ್ರಾಂಶದ ಯಾವ ಆವೃತ್ತಿಗೆ ಈ ಪಾಠ, ಇದರಿಂದ ಆಗುವ ಕೆಲಸ ಯಾವುದು, ಕೂರುವ ಮುಂಚೆ ಏನೇನು ಬರಬೇಕು. ಈ ಮೂರರಲ್ಲಿ ಒಂದೊಂದು ತಪ್ಪಿದಾಗಲೂ ಕಲಿಯುವವರ ಪರದೆಯ ಮೇಲೆ ಕಾಣುವ ತೊಂದರೆ ಬೇರೆಬೇರೆ. ಆದ್ದರಿಂದ ತೊಂದರೆಯ ಲಕ್ಷಣ ನೋಡಿಯೇ ಹಣೆಪಟ್ಟಿಯಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ಹೇಳಬಹುದು.

ಒಂದೇ ಪಾಠವನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರೌಢಶಾಲೆಯ ತರಗತಿ ಶಿಕ್ಷಕಿಯೊಬ್ಬರ ಬಳಿ ಎರಡು ಹಾಳೆಗಳಿವೆ ಎಂದುಕೊಳ್ಳಬಹುದು. ಒಂದರಲ್ಲಿ 42 ಮಕ್ಕಳ ಸ್ಯಾಟ್ಸ್ ಸಂಖ್ಯೆ ಮತ್ತು ಹೆಸರು, ಹೆಸರಿನ ಅಕ್ಷರಕ್ರಮದಲ್ಲಿ. Marks ಎಂಬ ಇನ್ನೊಂದರಲ್ಲಿ ಅದೇ ಸಂಖ್ಯೆಗಳು ಮತ್ತು ಒಟ್ಟು ಅಂಕ, ಉತ್ತರಪತ್ರಿಕೆ ತಿದ್ದಿದ ಕ್ರಮದಲ್ಲಿ. ಪ್ರತಿ ಹೆಸರಿನ ಮುಂದೆ ಆ ಮಗುವಿನ ಅಂಕ ಬಂದು ಕೂರಬೇಕು. ಕಣ್ಣಿನಿಂದ ಹುಡುಕಿ ತುಂಬಿದರೆ ಒಂದು ಗಂಟೆಯ ಕೆಲಸ, ಜೊತೆಗೆ ಒಂದೆರಡು ಅಂಕ ಅದಲುಬದಲಾಗುವ ಭಯ. ಇದಕ್ಕೆಂದೇ ಪಾಠಗಳು ಬೇಕಾದಷ್ಟಿವೆ. ಅವರು ಹುಡುಕಿ ತೆಗೆದ ಪಾಠದಲ್ಲಿ ಸೂತ್ರ ಹೀಗಿದೆ:

```
=XLOOKUP(A2, Marks!$A$2:$A$43, Marks!$C$2:$C$43, "ಗೈರು")
```

A2 ಚೌಕದಲ್ಲಿರುವ ಸಂಖ್ಯೆಯನ್ನು Marks ಹಾಳೆಯ ಮೊದಲ ಕಂಬದಲ್ಲಿ ಹುಡುಕು, ಸಿಕ್ಕರೆ ಅದೇ ಸಾಲಿನ ಮೂರನೇ ಕಂಬದ ಅಂಕ ತಾ, ಸಿಗದಿದ್ದರೆ ಗೈರು ಎಂದು ಬರೆ: ಇಷ್ಟೇ ಇದರ ಅರ್ಥ. ಸೂತ್ರದಲ್ಲಿ ತಪ್ಪಿಲ್ಲ, ಶಿಕ್ಷಕಿ ಟೈಪ್ ಮಾಡಿದ್ದರಲ್ಲೂ ತಪ್ಪಿಲ್ಲ. ಆದರೆ ಶಾಲೆಯ ಕಂಪ್ಯೂಟರಿನಲ್ಲಿರುವುದು ಎಕ್ಸೆಲ್ 2010. ಎಂಟರ್ ಒತ್ತಿದರೆ ಚೌಕದಲ್ಲಿ ಬರುವುದು `#NAME?`.

`#NAME?` ಎಂದರೆ "ಈ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ" ಎಂದು ಎಕ್ಸೆಲ್ ಹೇಳುವ ರೀತಿ. ಕಾಗುಣಿತ ತಪ್ಪಿದರೂ ಇದೇ ಬರುತ್ತದೆ. ಆದ್ದರಿಂದ ಹೊಸಬರು ಮೊದಲು ತಮ್ಮ ಬೆರಳನ್ನೇ ಅನುಮಾನಿಸಿ ನಾಲ್ಕಾರು ಸಲ ಮತ್ತೆ ಟೈಪ್ ಮಾಡುತ್ತಾರೆ. ನಿಜವಾದ ಕಾರಣ ಬೇರೆ. XLOOKUP ಅನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2019ರ ಆಗಸ್ಟ್‌ನಲ್ಲಿ. ಅದು ಮೊದಲು ಬಂದದ್ದು ತಿಂಗಳು ಅಥವಾ ವರ್ಷದ ಚಂದಾ ಕಟ್ಟುವವರ ಎಕ್ಸೆಲ್‌ಗೆ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಬಗೆಯಲ್ಲಿ ಎಕ್ಸೆಲ್ 2021ರಿಂದ ಇದೆ. 2010, 2013, 2016ರಲ್ಲಿ ಇಲ್ಲ. ಹೆಸರಿನಲ್ಲೇ 2019 ಇರುವ ಎಕ್ಸೆಲ್‌ನಲ್ಲೂ ಇಲ್ಲ, ಆದರೆ ಪ್ರಕಟಣೆಯ ವರ್ಷ ನೋಡಿ ಅದರಲ್ಲಿ ಇರುತ್ತದೆ ಎಂದು ನಂಬಿದವರು ಕಡಿಮೆಯಲ್ಲ.

ಇನ್ನೂ ಮೋಸದ ಸಂದರ್ಭವೊಂದಿದೆ. ಪಾಠದ ಜೊತೆ ಕೊಟ್ಟ ಮಾದರಿ ಕಡತವನ್ನು ಹಳೆಯ ಎಕ್ಸೆಲ್‌ನಲ್ಲಿ ತೆರೆದರೆ ಅಂಕಗಳು ಸರಿಯಾಗಿಯೇ ಕಾಣುತ್ತವೆ. ಏಕೆಂದರೆ ಹೊಸ ಎಕ್ಸೆಲ್ ಲೆಕ್ಕ ಹಾಕಿ ಉಳಿಸಿಟ್ಟ ಉತ್ತರವೂ ಕಡತದೊಳಗೆ ಇರುತ್ತದೆ. ಹಳೆಯದು ಅದನ್ನೇ ತೋರಿಸುತ್ತದೆ. ಕಲಿಯುವವರು ಸಮಾಧಾನದಿಂದ ಚೌಕದ ಮೇಲೆ ಕ್ಲಿಕ್ ಮಾಡಿ ಸೂತ್ರದ ಪಟ್ಟಿಯಲ್ಲಿ ನೋಡಿದರೆ ಅಲ್ಲಿ ಹೀಗಿರುತ್ತದೆ:

```
=_xlfn.XLOOKUP(...)
```

ಮುಂದೆ ಅಂಟಿಕೊಂಡ ಆ `_xlfn.` ಎಂಬುದೇ ಗುರುತು: ಈ ಸೂತ್ರ ಇದಕ್ಕಿಂತ ಹೊಸ ಆವೃತ್ತಿಯದು. ಆ ಚೌಕವನ್ನು ಸ್ವಲ್ಪ ತಿದ್ದಿ ಎಂಟರ್ ಒತ್ತಿದ ಕೂಡಲೇ ಉಳಿದಿದ್ದ ಉತ್ತರ ಹೋಗಿ `#NAME?` ಬರುತ್ತದೆ. ಇದು ಹಣೆಪಟ್ಟಿಯಲ್ಲಿ ಆವೃತ್ತಿಯ ಸಾಲು ಇಲ್ಲದ್ದರ ಲಕ್ಷಣ.

ಹಾಗಾದರೆ ಆವೃತ್ತಿಯನ್ನು ಹೇಗೆ ಬರೆಯಬೇಕು? "ಎಕ್ಸೆಲ್" ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. "ಎಕ್ಸೆಲ್ 16" ಎಂದು ಬರೆಯುವುದು ಅದಕ್ಕಿಂತ ಹಾಳು, ಏಕೆಂದರೆ ಅದು ಖಚಿತವಾಗಿ ಹೇಳಿದಂತೆ ಕಾಣುತ್ತದೆ. ಎಕ್ಸೆಲ್‌ಗೆ ಎರಡು ಎಣಿಕೆಗಳಿವೆ. ಪೆಟ್ಟಿಗೆಯ ಮೇಲಿನ ಹೆಸರು 2007, 2010, 2013 ಎಂದು ವರ್ಷದ ಲೆಕ್ಕದಲ್ಲಿ ಸಾಗುತ್ತದೆ. ಒಳಗಿನ ಎಣಿಕೆ ಅದೇ ಕ್ರಮದಲ್ಲಿ 12, 14, 15. (ನಡುವೆ 13 ಎಂಬುದೇ ಇಲ್ಲ, ಅಪಶಕುನದ ಅಂಕಿಗೆ ಅಲ್ಲಿ ಜಾಗ ಸಿಗಲಿಲ್ಲ.) 2016ಕ್ಕೆ ಒಳಗಿನ ಅಂಕಿ 16.0 ಆಯಿತು. ಅಲ್ಲಿಗೆ ನಿಂತಿತು. 2019, 2021, 2024, ಚಂದಾದ ಎಕ್ಸೆಲ್, ಎಲ್ಲದರದೂ 16.0. ಒಂದು ಖಾಲಿ ಚೌಕದಲ್ಲಿ `=INFO("release")` ಎಂದು ಕೇಳಿದರೂ ಇವೆಲ್ಲ ಕೊಡುವ ಉತ್ತರ ಅದೇ. ಹೀಗಾಗಿ 16.0 ಎಂಬ ಅಂಕಿಯಿಂದ XLOOKUP ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹಣೆಪಟ್ಟಿಯಲ್ಲಿ ಬರೆಯಬೇಕಾದದ್ದು ಪೆಟ್ಟಿಗೆಯ ಹೆಸರು. ಕಲಿಯುವವರು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಎಲ್ಲಿ ನೋಡಬೇಕು ಎಂಬುದನ್ನೂ ಅಲ್ಲೇ ಹೇಳಿದರೆ ಒಳ್ಳೆಯದು: 2013 ಮತ್ತು ಆಮೇಲಿನವುಗಳಲ್ಲಿ File ಒಳಗಿನ Account, 2010ರಲ್ಲಿ File ಒಳಗಿನ Help.

ಚಂದಾದ ಎಕ್ಸೆಲ್‌ಗೆ ವರ್ಷದ ಹೆಸರಿಲ್ಲ, ಅದು ಆಗಾಗ ತಾನಾಗಿ ಬದಲಾಗುತ್ತದೆ. ಗೂಗಲ್ ಶೀಟ್ಸ್‌ಗಂತೂ ಬಳಸುವವರು ನೋಡಬಹುದಾದ ಆವೃತ್ತಿಯ ಅಂಕಿಯೇ ಇಲ್ಲ. XLOOKUP ಅಲ್ಲಿಗೆ 2022ರಲ್ಲಿ ಬಂದಾಗ ಯಾರೂ ಏನನ್ನೂ ಅಳವಡಿಸಿಕೊಳ್ಳಬೇಕಾಗಲಿಲ್ಲ. ಇಂಥವಕ್ಕೆ ಆವೃತ್ತಿಯ ಜಾಗದಲ್ಲಿ ತಾರೀಕು ಬರೆಯಬೇಕು: "ಜೂನ್ 2025ರಲ್ಲಿ ಮಾಡಿ ನೋಡಿದ್ದು" ಎಂದು. ಲಿಬ್ರೆ ಆಫೀಸ್ ಕ್ಯಾಲ್ಕ್‌ನ ದಾರಿ ಇವೆರಡಕ್ಕಿಂತ ಬೇರೆ. ಅದರ ಎಣಿಕೆ 7.6ರ ವರೆಗೆ ನಡೆದು, 2024ರ ಆರಂಭದಲ್ಲಿ 24.2ಕ್ಕೆ ಹಾರಿತು. ವರ್ಷ, ಚುಕ್ಕೆ, ತಿಂಗಳು ಎಂಬ ಹೊಸ ಲೆಕ್ಕ. ಅದೇ ವರ್ಷದ ಆಗಸ್ಟ್‌ನ 24.8ರಲ್ಲಿ XLOOKUP ಕ್ಯಾಲ್ಕ್‌ಗೂ ಸೇರಿತು. ಅಂದರೆ "ಲಿಬ್ರೆ ಆಫೀಸ್‌ನಲ್ಲಿ XLOOKUP ಇಲ್ಲ" ಎಂದು ಬರೆದಿಟ್ಟ ಪಾಠ 2024ರ ಆಗಸ್ಟ್ ತನಕ ಸರಿ, ಆಮೇಲೆ ತಪ್ಪು. ಬರೆದವರು ತಾರೀಕು ಹಾಕಿದ್ದರೆ ಓದುವವರೇ ಸರಿಪಡಿಸಿಕೊಳ್ಳುತ್ತಾರೆ.

ಆವೃತ್ತಿಯ ಸಾಲಿನಲ್ಲಿ ಇನ್ನೊಂದು ಗೊಂದಲ ಪಾಠ ಬರೆಯುವವರಲ್ಲೇ ಇದೆ. ಪರದೆಯಲ್ಲಿ ತೋರಿಸುತ್ತಿರುವ ಆವೃತ್ತಿ ಒಂದು; ಈ ಕೆಲಸ ಮಾಡಲು ಸಾಲುವ ಕನಿಷ್ಠ ಆವೃತ್ತಿ ಇನ್ನೊಂದು. ಎಕ್ಸೆಲ್ 2021ರಲ್ಲಿ ಚಿತ್ರೀಕರಿಸಿದ ಪಾಠದೊಳಗೆ VLOOKUP ಮಾತ್ರ ಇದ್ದರೆ ಅದು 2010ರಲ್ಲೂ ನಡೆಯುತ್ತದೆ. ಗುಂಡಿಗಳ ಬಣ್ಣ, ಅಂಚು ಬೇರೆ ಇರಬಹುದು, ಅಷ್ಟೇ. "ಎಕ್ಸೆಲ್ 2021" ಎಂದಷ್ಟೇ ಬರೆದರೆ 2010 ಇಟ್ಟುಕೊಂಡವರು ಸುಮ್ಮನೆ ಹಿಂದಿರುಗುತ್ತಾರೆ. ಕಡಿಮೆ ಬರೆದರೆ ಬಾರದವರನ್ನು ಒಳಗೆ ಕರೆದಂತೆ, ಹೆಚ್ಚು ಬರೆದರೆ ಬರಬಹುದಾದವರನ್ನು ಬಾಗಿಲಲ್ಲೇ ತಡೆದಂತೆ. ಎರಡನ್ನೂ ಬೇರೆಬೇರೆಯಾಗಿ ಬರೆಯುವುದೇ ಸರಿ.

ಹೆಸರು, ಅಂಕಿ, ತಾರೀಕು ಎಲ್ಲಕ್ಕಿಂತ ನಂಬಬಹುದಾದ ಉಪಾಯ ಒಂದಿದೆ. ಹಣೆಪಟ್ಟಿಯಲ್ಲೇ ಒಂದು ಪುಟ್ಟ ಪರೀಕ್ಷೆ ಕೊಡುವುದು: ಖಾಲಿ ಚೌಕದಲ್ಲಿ `=XL` ಎಂದು ಟೈಪ್ ಮಾಡಿ ನಿಲ್ಲಿ, ಕೆಳಗೆ ಇಳಿಯುವ ಪಟ್ಟಿಯಲ್ಲಿ XLOOKUP ಕಂಡರೆ ಈ ಪಾಠ ನಿಮಗೆ, ಕಾಣದಿದ್ದರೆ VLOOKUP ಪಾಠಕ್ಕೆ ಹೋಗಿ. ಐದು ಸೆಕೆಂಡಿನ ಕೆಲಸ. ತಮ್ಮದು ಯಾವ ಆವೃತ್ತಿ ಎಂಬುದೇ ಗೊತ್ತಿಲ್ಲದವರಿಗೂ ಉತ್ತರ ಸಿಗುತ್ತದೆ.

ಆವೃತ್ತಿಯನ್ನು ಮೊದಲೇ ಹೇಳಿಬಿಡುವ ರೂಢಿಗೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ಅದರ ಕ್ಯಾಲ್ಕ್ ಪಾಠಗಳ ಶುರುವಿನಲ್ಲಿ ಇಂದು ಏನೇನು ಕಲಿಯುತ್ತೇವೆ ಎಂಬ ಪಟ್ಟಿ, ಅದರ ಬೆನ್ನಿಗೇ ಉಬುಂಟು ಲಿನಕ್ಸ್ 10.04 ಮತ್ತು ಲಿಬ್ರೆ ಆಫೀಸ್ 3.3.4 ಬಳಸುತ್ತಿದ್ದೇವೆ ಎಂಬ ಮಾತು ಬರುತ್ತದೆ. ಪಾಠ ನೋಡುತ್ತಲೇ ಪಕ್ಕದ ಕಿಟಕಿಯಲ್ಲಿ ಕಲಿಯುವವರೂ ಅದನ್ನೇ ಮಾಡಬೇಕು ಎನ್ನುವುದು ಆ ಪಾಠಗಳ ವಿಧಾನ. ಪಾಠದ ಪರದೆಯೂ ಕಲಿಯುವವರ ಪರದೆಯೂ ಒಂದಕ್ಕೊಂದು ಹೊಂದದಿದ್ದರೆ ಅಲ್ಲಿ ಕೆಲಸ ನಿಂತೇಹೋಗುತ್ತದೆ. ಲಿಬ್ರೆ ಆಫೀಸ್ 3.3 ಸಾಲು 2011ರದು. ಇಂದು ಅದನ್ನು ಯಾರೂ ಇಟ್ಟುಕೊಂಡಿರಲಿಕ್ಕಿಲ್ಲ. ಆದರೂ ಆ ಒಂದು ವಾಕ್ಯದಿಂದ ಪಾಠ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಪರದೆ ತಮ್ಮದರಂತೆ ಕಾಣದಿದ್ದಾಗ ನೋಡುವವರಿಗೆ ಕಾರಣ ಗೊತ್ತಿರುತ್ತದೆ.

ಎರಡನೆಯ ಸಾಲು, ಕೆಲಸ. ಹೆಚ್ಚಿನ ಪಾಠಗಳ ಹೆಸರು "VLOOKUP ಕಲಿಯಿರಿ", "ಪಿವಟ್ ಟೇಬಲ್ ಪರಿಚಯ" ಎಂದಿರುತ್ತದೆ. ಇವು ಉಪಕರಣದ ಹೆಸರುಗಳು. VLOOKUP ಬಲ್ಲವರು ಮಾತ್ರ VLOOKUP ಎಂದು ಹುಡುಕಬಲ್ಲರು. ಅದು ಬೇಕಾಗಿರುವುದು ಬಾರದವರಿಗೆ. ಅಂಕಪಟ್ಟಿ ಹೊಂದಿಸಬೇಕಾದ ಶಿಕ್ಷಕಿಯ ತಲೆಯಲ್ಲಿರುವ ಮಾತು "ಎರಡು ಲಿಸ್ಟ್ ಮ್ಯಾಚ್ ಮಾಡಬೇಕು" ಎಂಬುದು. ಆದ್ದರಿಂದ ಕೆಲಸದ ಸಾಲಿನಲ್ಲಿ ಕೈಯಲ್ಲಿ ಏನಿದೆ, ಕೊನೆಗೆ ಏನು ಬರುತ್ತದೆ ಎರಡೂ ಇರಬೇಕು: "ಸಂಖ್ಯೆ ಮತ್ತು ಹೆಸರಿನ ಒಂದು ಹಾಳೆ, ಸಂಖ್ಯೆ ಮತ್ತು ಅಂಕದ ಇನ್ನೊಂದು ಹಾಳೆ, ಹೆಸರಿನ ಮುಂದೆ ಅಂಕ ಬರುವಂತೆ ಮಾಡುವುದು." ಅದರ ಜೊತೆಗೆ ಸೂತ್ರದ ಹೆಸರು ಪರದೆಯಲ್ಲಿ ಕಾಣುವ ಹಾಗೆ VLOOKUP ಎಂದೇ ಇರಬೇಕು. "ವಿಲುಕಪ್" ಎಂದು ಕನ್ನಡ ಲಿಪಿಯಲ್ಲಷ್ಟೇ ಬರೆದರೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಷ್ಟೇ ಬರೆದರೆ ಕನ್ನಡದಲ್ಲಿ ಹುಡುಕುವವರಿಗೆ ಸಿಗುವುದಿಲ್ಲ.

ಕೆಲಸದ ಸಾಲು ತಪ್ಪಿದರೆ ಪರದೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಕಾಣುವುದು ವ್ಯರ್ಥವಾದ ಹೊತ್ತು. ಹದಿನೈದು ನಿಮಿಷ ನೋಡಿದ ಮೇಲೆ ಈ ಪಾಠ ಅಂಕದಿಂದ ಶ್ರೇಣಿ ಕಂಡುಹಿಡಿಯುವುದಕ್ಕೆ ಎಂದು ಗೊತ್ತಾಗುತ್ತದೆ. 85ಕ್ಕೆ ಯಾವ ಶ್ರೇಣಿ, 60ಕ್ಕೆ ಯಾವುದು ಎಂದು ಹುಡುಕುವುದಕ್ಕೂ VLOOKUP ಬಳಕೆಯಾಗುತ್ತದೆ, ಆದರೆ ಅದು ಸೂತ್ರದ ಇನ್ನೊಂದು ಮುಖ. ಅಲ್ಲಿ ಕೊನೆಯ ಪದ `TRUE`, ಅಂದರೆ ಹತ್ತಿರದ ಕೆಳಗಿನ ಅಂಕ ಹಿಡಿ; ಇಲ್ಲಿ `FALSE`, ಅಂದರೆ ಅದೇ ಸಂಖ್ಯೆ ಸಿಕ್ಕರೆ ಮಾತ್ರ. ಶ್ರೇಣಿಯ ಪಾಠದಿಂದ ಸೂತ್ರವನ್ನು ಎತ್ತಿ ಅಂಕಪಟ್ಟಿಗೆ ಹಾಕಿದರೆ ಒಂದು ಮಗುವಿನ ಅಂಕ ಇನ್ನೊಂದರ ಮುಂದೆ ಬಂದು ಕೂರಬಹುದು, ಎಚ್ಚರಿಕೆಯ ಒಂದು ಗುರುತೂ ಇಲ್ಲದೆ. ಕೊನೆಯ ಪದವನ್ನು ಬಿಟ್ಟುಬಿಟ್ಟರೂ VLOOKUP ಅದನ್ನು `TRUE` ಎಂದೇ ಹಿಡಿಯುತ್ತದೆ. ಒಂದೇ ಸೂತ್ರ ಎರಡು ಕೆಲಸ ಮಾಡುವಾಗ ಹಣೆಪಟ್ಟಿಯಲ್ಲಿ "ಇದು ಅದಕ್ಕಲ್ಲ" ಎಂಬ ಅರ್ಧ ಸಾಲು ಹೆಚ್ಚಿಗೆ ಇದ್ದರೆ ನಷ್ಟವಿಲ್ಲ.

ದತ್ತಾಂಶ ಹೇಗಿರಬೇಕು ಎಂಬುದೂ ಕೆಲಸದ ಸಾಲಿಗೇ ಸೇರಿದ್ದು. ಎಷ್ಟೋ ಸಲ ಬೇರೆ ತಂತ್ರಾಂಶದಿಂದ ಇಳಿಸಿಕೊಂಡ ಹಾಳೆಯಲ್ಲಿ ಸಂಖ್ಯೆಗಳು ಅಕ್ಷರದ ರೂಪದಲ್ಲಿರುತ್ತವೆ. ಚೌಕದ ಎಡ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ, ಅಂಕಿಗಳು ಎಡಕ್ಕೆ ವಾಲಿರುವುದು ಅದರ ಗುರುತು. ಒಂದು ಹಾಳೆಯಲ್ಲಿ ಅಂಕಿಯಾಗಿ, ಇನ್ನೊಂದರಲ್ಲಿ ಅಕ್ಷರವಾಗಿ ಇರುವ ಒಂದೇ ಸಂಖ್ಯೆ ಎಕ್ಸೆಲ್ ಕಣ್ಣಿಗೆ ಎರಡು ಬೇರೆ ವಸ್ತು. ಬರುವ ಉತ್ತರ `#N/A`. ಹೆಸರಿನ ಮೇಲೆ ಹೊಂದಿಸಲು ಹೊರಟರೆ ಕನ್ನಡದಲ್ಲಿ ಇನ್ನೊಂದು ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು, ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಹೆಸರು ಕಣ್ಣಿಗೆ ಒಂದೇ ತರಹ ಕಂಡರೂ ಒಳಗಿನ ಸಂಕೇತ ಬೇರೆ. ಫಾಂಟ್ ಬದಲಿಸಿ ನೋಡಿದರೆ ಹಳೆಯದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬಿಡುತ್ತದೆ. ಕನ್ನಡದ ಕಲಿಯುವವರಿಗಾಗಿ ಮಾಡಿದ ಪಾಠದಲ್ಲಿ "ಸಂಖ್ಯೆಯ ಮೇಲೆ ಹೊಂದಿಸುವುದು, ಹೆಸರಿನ ಮೇಲೆ ಅಲ್ಲ" ಎಂದು ಬರೆದರೆ ಈ ತಲೆನೋವನ್ನು ಬಾಗಿಲ ಹೊರಗೇ ಬಿಟ್ಟಂತೆ.

ಮೂರನೆಯದು ಮಟ್ಟ. ಬರೆಯಲು ಸುಲಭ, ಸರಿಯಾಗಿ ಬರೆಯಲು ಕಷ್ಟ ಇದೇ. "ಆರಂಭಿಕ", "ಮಧ್ಯಮ", "ಉನ್ನತ" ಎಂಬ ಮೂರು ಪದಗಳಲ್ಲಿ ಒಂದನ್ನು ಹಾಕಿಬಿಡುವುದು ರೂಢಿ. ಯಾರ ಲೆಕ್ಕದಲ್ಲಿ ಆರಂಭಿಕ? ಇಪ್ಪತ್ತು ವರ್ಷ ಲೆಕ್ಕಪತ್ರ ಬರೆದ ಗುಮಾಸ್ತರು ಕೂಡಿ ಕಳೆಯುವ ಸೂತ್ರಗಳಲ್ಲಿ ಪಳಗಿರುತ್ತಾರೆ, ಆದರೆ ಎರಡು ಹಾಳೆಯನ್ನು ಜೋಡಿಸುವ ಸೂತ್ರವನ್ನು ಎಂದೂ ಮುಟ್ಟಿರಲಿಕ್ಕಿಲ್ಲ. ಮಟ್ಟ ಮನುಷ್ಯನದಲ್ಲ, ಆ ಕೆಲಸದ್ದು. ತಾನು "ಆರಂಭಿಕ" ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದವರು ಮೇಲಿನ ಪಾಠಕ್ಕೆ ಹೋಗುತ್ತಾರೆ. ಸಂಕೋಚದವರು ಬಲ್ಲ ಪಾಠವನ್ನೇ ಮತ್ತೆ ನೋಡುತ್ತಾರೆ.

ಪದದ ಬದಲು ಕೌಶಲವನ್ನೇ ಹೆಸರಿಸಿದರೆ ಈ ತೊಂದರೆ ಇರುವುದಿಲ್ಲ. ಇದಕ್ಕೆ ಶಿಕ್ಷಕಿಯ ಕತೆಯನ್ನೇ ಮುಂದುವರಿಸಿ ನೋಡಬಹುದು. XLOOKUP ಸಿಗದೆ ಅವರು VLOOKUP ಪಾಠಕ್ಕೆ ಬಂದರು. ಸೂತ್ರ ಇದು:

```
=IFERROR(VLOOKUP(A2, Marks!$A$2:$C$43, 3, FALSE), "ಗೈರು")
```

VLOOKUP ಎಲ್ಲ ಆವೃತ್ತಿಗಳಲ್ಲೂ ಇದೆ, IFERROR 2007ರಿಂದ ಇದೆ, 2010ಕ್ಕೆ ಅಡ್ಡಿಯಿಲ್ಲ. ಪಾಠದಲ್ಲಿ `$` ಗುರುತು ಏಕೆ ಎಂದು ಹೇಳಿರಲಿಲ್ಲ. ಅಲಂಕಾರವಿರಬೇಕು ಎಂದುಕೊಂಡು ಅವರು `Marks!A2:C43` ಎಂದಷ್ಟೇ ಟೈಪ್ ಮಾಡಿದರು. ಮೊದಲ ಚೌಕದಲ್ಲಿ ಅಂಕ ಸರಿಯಾಗಿ ಬಂತು. ಮೂಲೆ ಹಿಡಿದು 43ನೇ ಸಾಲಿನ ತನಕ ಎಳೆದರು. ಒಂದೊಂದು ಸಾಲು ಇಳಿದಂತೆ ಹುಡುಕುವ ಜಾಗವೂ ಒಂದೊಂದು ಸಾಲು ಕೆಳಗೆ ಜಾರುತ್ತಾ ಹೋಯಿತು. 22ನೇ ಸಾಲಿಗೆ ಬರುವ ಹೊತ್ತಿಗೆ ಅದು `A22:C63` ಆಗಿತ್ತು. ಆ ಸಾಲಿನ ಮಗುವಿನ ಅಂಕ Marks ಹಾಳೆಯ 9ನೇ ಸಾಲಿನಲ್ಲಿದೆ. ಹುಡುಕುವ ಜಾಗದಲ್ಲಿ 9ನೇ ಸಾಲೇ ಇಲ್ಲ. IFERROR ಇಲ್ಲದಿದ್ದರೆ ಅಲ್ಲಿ `#N/A` ಬಂದು ಏನೋ ಎಡವಟ್ಟಾಗಿದೆ ಎಂದು ತಿಳಿಯುತ್ತಿತ್ತು. ಇದ್ದುದರಿಂದ ಅದು ನೀಟಾಗಿ "ಗೈರು" ಎಂದು ಬರೆಯಿತು. ಪರೀಕ್ಷೆ ಬರೆದು 78 ಅಂಕ ತೆಗೆದ ಮಗು ಪಟ್ಟಿಯಲ್ಲಿ ಗೈರುಹಾಜರಾಯಿತು.

ಇದು ಆವೃತ್ತಿಯ ದೋಷವಲ್ಲ, ಕೆಲಸದ ದೋಷವೂ ಅಲ್ಲ. ಸೂತ್ರ ಸರಿ, ತಂತ್ರಾಂಶ ಸರಿ, ಉದ್ದೇಶವೂ ಸರಿ. ಸೂತ್ರ ಎಳೆದಾಗ ವಿಳಾಸಗಳು ಜರುಗುತ್ತವೆ, `$` ಹಾಕಿದರೆ ನಿಲ್ಲುತ್ತವೆ ಎಂಬ ತಿಳಿವಳಿಕೆ ಮಾತ್ರ ಇರಲಿಲ್ಲ. ಮಟ್ಟದ ಸಾಲು ತಪ್ಪಿದಾಗಿನ ಲಕ್ಷಣ ಸಾಮಾನ್ಯವಾಗಿ ಹೀಗೇ: ದೋಷದ ಗುರುತಿಲ್ಲದ ತಪ್ಪು ಉತ್ತರ. ಆದ್ದರಿಂದಲೇ ಮೂರರಲ್ಲಿ ಹೆಚ್ಚು ಕೆಡುಕು ಮಾಡುವುದೂ ಇದೇ. ಪತ್ತೆಹಚ್ಚುವ ದಾರಿ ಸುಲಭ. ಕೊನೆಯ ಸಾಲಿನ ಚೌಕದ ಮೇಲೆ ಕ್ಲಿಕ್ ಮಾಡಿ ಸೂತ್ರ ಓದಬೇಕು. ಅಲ್ಲಿಯೂ ಹುಡುಕುವ ಜಾಗ 2ರಿಂದ 43 ಎಂದೇ ಇದ್ದರೆ ಸರಿ.

ಇಲ್ಲಿ ಪಾಠ ಬರೆಯುವವರ ಒಂದು ತಪ್ಪನ್ನೂ ಹೇಳಬೇಕು. ಮಾದರಿ ಕಡತದ ಎರಡು ಹಾಳೆಗಳಲ್ಲೂ ಮಕ್ಕಳ ಕ್ರಮ ಒಂದೇ ಇದ್ದರೆ, `$` ಇಲ್ಲದ ಸೂತ್ರವೂ ಎಲ್ಲ 42 ಉತ್ತರ ಸರಿಯಾಗಿ ಕೊಡುತ್ತದೆ. ಹುಡುಕುವ ಜಾಗ ಜಾರಿದಂತೆ ಬೇಕಾದ ಸಾಲೂ ಅಷ್ಟೇ ಕೆಳಗಿರುತ್ತದೆ. ಅಂಥ ಮಾದರಿಯ ಮೇಲೆ ಅಭ್ಯಾಸ ಮಾಡಿದವರು ಪಾಠ ಕಲಿತೆವು ಎಂದುಕೊಂಡು ಎದ್ದು ಹೋಗುತ್ತಾರೆ.

ಮಟ್ಟದ ಸಾಲು ಹಾಗಾದರೆ ಹೀಗಿರಬೇಕು: "ಸೂತ್ರ ಟೈಪ್ ಮಾಡಿ ಕೆಳಗೆ ಎಳೆಯಲು ಬರಬೇಕು, `A2` ಮತ್ತು `$A$2` ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು." ಓದಿದವರಿಗೆ ತಮಗೆ ಬರುತ್ತದೋ ಇಲ್ಲವೋ ಆ ಕ್ಷಣವೇ ತಿಳಿಯುತ್ತದೆ. ಬಾರದಿದ್ದರೆ `$` ಕಲಿಸುವ ಪಾಠದ ಹೆಸರು ಪಕ್ಕದಲ್ಲೇ ಇರಬೇಕು. ಪೂರ್ವಸಿದ್ಧತೆ ಮೂರಕ್ಕಿಂತ ಹೆಚ್ಚಾದರೆ ಪಾಠವನ್ನೇ ಎರಡು ಮಾಡುವುದು ಒಳ್ಳೆಯದು.

ಎಲ್ಲ ಸೇರಿದಾಗ ಈ ಪಾಠದ ಹಣೆಪಟ್ಟಿ ಹೀಗಾಗುತ್ತದೆ:

ಕೆಲಸ: ಎರಡು ಹಾಳೆಗಳನ್ನು ಸಂಖ್ಯೆಯ ಮೇಲೆ ಹೊಂದಿಸಿ ಹೆಸರಿನ ಮುಂದೆ ಅಂಕ ತರುವುದು (VLOOKUP, IFERROR). ಅಂಕದಿಂದ ಶ್ರೇಣಿ ಹುಡುಕುವುದಕ್ಕಲ್ಲ.
ಆವೃತ್ತಿ: ಎಕ್ಸೆಲ್ 2007 ಮತ್ತು ಆಮೇಲಿನವು, ವಿಂಡೋಸ್. ಪರದೆಯಲ್ಲಿ ಕಾಣುವುದು ಎಕ್ಸೆಲ್ 2010.
ಮೊದಲೇ ಬರಬೇಕಾದ್ದು: ಸೂತ್ರ ಎಳೆಯುವುದು, `$` ಗುರುತಿನ ಅರ್ಥ.
ಹೊತ್ತು: 12 ನಿಮಿಷ. ಮಾಡಿ ನೋಡಿದ ತಾರೀಕು: ಜೂನ್ 2025.

ವಿಂಡೋಸ್ ಎಂದು ಬರೆದದ್ದು ಸುಮ್ಮನೆ ಅಲ್ಲ. `$` ಹಾಕಲು ವಿಂಡೋಸ್‌ನಲ್ಲಿ F4 ಒತ್ತಿದರೆ ಸಾಕು ಎಂದು ಪಾಠ ಹೇಳುತ್ತದೆ. ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ ಕಮಾಂಡ್ ಮತ್ತು T. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ F4ರ ಜೊತೆ Fn ಒತ್ತಬೇಕು, ಇಲ್ಲದಿದ್ದರೆ ಧ್ವನಿಯೋ ಬೆಳಕೋ ಬದಲಾಗುತ್ತದೆ.

ಮನುಷ್ಯರು ಓದುವ ಈ ಪಟ್ಟಿಯನ್ನೇ ಹುಡುಕುವ ಯಂತ್ರಗಳು ಓದುವ ರೂಪದಲ್ಲೂ ಇಡಬಹುದು. ಅದಕ್ಕೆ ಒಪ್ಪಿತ ನಮೂನೆಗಳಿವೆ. 1995ರಲ್ಲಿ ಅಮೆರಿಕದ ಒಹಾಯೋದ ಡಬ್ಲಿನ್ ಊರಿನಲ್ಲಿ ನಡೆದ ಸಭೆಯಿಂದ ಹುಟ್ಟಿದ ಡಬ್ಲಿನ್ ಕೋರ್‌ನಲ್ಲಿ ಶೀರ್ಷಿಕೆ, ಕರ್ತೃ, ಭಾಷೆ, ತಾರೀಕು ಮೊದಲಾದ 15 ಅಂಶಗಳಿವೆ. ಪುಸ್ತಕಕ್ಕೂ ಚಿತ್ರಕ್ಕೂ ಹೊಂದುವಂಥವು, ಆದ್ದರಿಂದ ಪಾಠಕ್ಕೆ ಸಾಲವು. .xlsx ಕಡತವೂ ನಿಜಕ್ಕೆ ಒಂದು ಜಿಪ್ ಕಟ್ಟು. ಅದರೊಳಗಿನ `docProps/core.xml` ಎಂಬ ಪುಟ್ಟ ಕಡತದಲ್ಲಿ ಇದೇ ಅಂಶಗಳು ಕೂತಿರುತ್ತವೆ. File ಒಳಗಿನ Info ಪುಟದಲ್ಲಿ Title, Tags ತುಂಬಿದರೆ ಹೋಗಿ ಸೇರುವುದು ಅಲ್ಲಿಗೇ. ಮಾದರಿ ಕಡತ ಪಾಠದಿಂದ ಬೇರ್ಪಟ್ಟು ಕೈಯಿಂದ ಕೈಗೆ ಹೋದಾಗ ಹಣೆಪಟ್ಟಿಯೂ ಅದರ ಜೊತೆ ಹೋಗಲು ಇದೊಂದು ದಾರಿ.

ಕಲಿಕೆಗೆಂದೇ ಮಾಡಿದ ನಮೂನೆ 2002ರ ಐಟ್ರಿಪಲ್‌ಇ ಲಾಮ್. ಅದರಲ್ಲಿ ಕಷ್ಟದ ಮಟ್ಟಕ್ಕೆ ತುಂಬ ಸುಲಭದಿಂದ ತುಂಬ ಕಷ್ಟದವರೆಗೆ ಐದು ಮೆಟ್ಟಿಲುಗಳಿವೆ. ಮೂರು ಪದದ ತೊಂದರೆ ಐದಾದ ಮಾತ್ರಕ್ಕೆ ನೀಗುವುದಿಲ್ಲ. ಕನಿಷ್ಠ ಆವೃತ್ತಿ, ಗರಿಷ್ಠ ಆವೃತ್ತಿ ಎಂಬ ಮನೆಗಳೂ ಇವೆ. ಅವನ್ನು ಕಂಡು ಎಕ್ಸೆಲ್ 2010 ಎಂದು ಅಲ್ಲಿ ತುಂಬುವುದು ಸಹಜವಾದ ತಪ್ಪು. ಆ ಮನೆಗಳು ಇರುವುದು ಪಾಠವನ್ನು ತೆರೆದು ನೋಡಲು ಯಾವ ಆಪರೇಟಿಂಗ್ ಸಿಸ್ಟಂ, ಯಾವ ಬ್ರೌಸರ್ ಬೇಕು ಎಂದು ಹೇಳುವುದಕ್ಕೆ. ಪಾಠ ಯಾವ ತಂತ್ರಾಂಶದ ಬಗ್ಗೆ ಎಂಬುದು ಬೇರೆಯೇ ಪ್ರಶ್ನೆ. ಮೊಬೈಲಿನಲ್ಲಿ ನೋಡುವ ಪಾಠ ಎಕ್ಸೆಲ್ 2010 ಕಲಿಸಬಹುದಲ್ಲ.

2011ರಲ್ಲಿ ಶುರುವಾದ ಎಲ್‌ಆರ್‌ಎಂಐ ಎಂಬ ಯತ್ನದ ಅಂಶಗಳು 2013ರಲ್ಲಿ schema.org ಪದಪಟ್ಟಿಗೆ ಸೇರಿದವು. ಇಂದು ಹೆಚ್ಚು ಉಪಯೋಗಕ್ಕೆ ಬರುವುದು ಆ ಪಟ್ಟಿಯೇ. ಮೇಲಿನ ಪಾಠ ಅದರಲ್ಲಿ ಹೀಗೆ ಕಾಣುತ್ತದೆ:

```
{
  "@context": "https://schema.org",
  "@type": "LearningResource",
  "name": "ಎರಡು ಹಾಳೆ ಹೊಂದಿಸಿ ಅಂಕ ತರುವುದು",
  "inLanguage": "kn",
  "teaches": "VLOOKUP, IFERROR",
  "competencyRequired": "$ ಗುರುತಿನ ಅರ್ಥ",
  "timeRequired": "PT12M",
  "dateModified": "2025-06-10",
  "about": {
    "@type": "SoftwareApplication",
    "name": "Microsoft Excel",
    "softwareVersion": "2007+"
  }
}
```

ತಂತ್ರಾಂಶದ ಆವೃತ್ತಿ ಇಲ್ಲಿ ಪಾಠದ ಗುಣವಾಗಿ ಬರದೆ, ಪಾಠ ಯಾವುದರ ಬಗ್ಗೆಯೋ ಆ ವಸ್ತುವಿನ ಗುಣವಾಗಿ `about` ಒಳಗೆ ಬಂದಿದೆ. ಲಾಮ್‌ನಲ್ಲಿ ಆಗುವ ಗೊಂದಲಕ್ಕೆ ಇಲ್ಲಿ ಎಡೆಯಿಲ್ಲ. `competencyRequired` ಎಂಬುದು "ಮೊದಲೇ ಬರಬೇಕಾದ್ದು" ಸಾಲಿಗೆ ಸರಿಹೊಂದುತ್ತದೆ. `PT12M` ಎಂದರೆ 12 ನಿಮಿಷ. ಅದು ಯಂತ್ರದ ಬರವಣಿಗೆ, ಕಲಿಯುವವರಿಗೆ ತೋರಿಸುವಂಥದ್ದಲ್ಲ. ಹಾಗೆಯೇ ಈ ಕೋಡ್ ಇದೆ ಎಂದು ಮೇಲಿನ ನಾಲ್ಕು ಸಾಲಿನ ಪಟ್ಟಿಯನ್ನು ಕೈಬಿಡುವಂತಿಲ್ಲ. ಪಾಠವನ್ನು ಆರಿಸುವವರು ಕೋಡ್ ಓದುವುದಿಲ್ಲ.

ಹಣೆಪಟ್ಟಿ ಹಳಸುವುದೂ ಒಂದೇ ಸಮನಾಗಿ ಅಲ್ಲ. ಕೆಲಸದ ಸಾಲು ವರ್ಷಗಟ್ಟಲೆ ಹಾಗೇ ಇರುತ್ತದೆ. ಮಟ್ಟದ ಸಾಲು ಪಾಠ ತಿದ್ದಿದಾಗ ಮಾತ್ರ ಬದಲಾಗುತ್ತದೆ. ಆವೃತ್ತಿಯ ಸಾಲನ್ನು ಚಂದಾದ ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಪಾಠಗಳಿಗೆ ವರ್ಷಕ್ಕೊಮ್ಮೆಯಾದರೂ ಪಾಠವನ್ನು ಮೊದಲಿಂದ ಕೊನೆವರೆಗೆ ಮಾಡಿ ನೋಡಿ, ತಾರೀಕು ಬದಲಿಸಬೇಕು. ನೋಡದೆ ತಾರೀಕು ಮಾತ್ರ ಬದಲಿಸಿದರೆ ಹಳೆಯ ತಾರೀಕೇ ಮೇಲು. ಎಕ್ಸೆಲ್ 2010 ಇನ್ನು ಬದಲಾಗುವುದಿಲ್ಲ. ಆ ಪಾಠದ ಆವೃತ್ತಿಯ ಸಾಲು ಹಾಗೇ ಸರಿಯಾಗಿ ಉಳಿಯುತ್ತದೆ. ಶಾಲೆಗೆ ಹೊಸ ಕಂಪ್ಯೂಟರ್ ಬಂದ ದಿನ ಶಿಕ್ಷಕಿಗೆ XLOOKUP ಪಾಠ ಬೇಕಾಗುತ್ತದೆ. ಡಬ್ಲಿನ್ ಕೋರ್‌ನ ವಿಸ್ತೃತ ಪಟ್ಟಿಯಲ್ಲಿ ಅದಕ್ಕೂ `isReplacedBy` ಎಂಬ ಒಂದು ಮನೆ ಇದೆ: "ಇದರ ಜಾಗಕ್ಕೆ ಬಂದ ಹೊಸ ಪಾಠ ಇದು" ಎಂದು ತೋರಿಸುವುದಕ್ಕೆ. ಹಳೆಯ ಪಾಠವನ್ನು ಅಳಿಸದೆ, ಈ ಒಂದು ಸಾಲನ್ನು ಅದಕ್ಕೆ ಸೇರಿಸಿದರೆ 2010 ಇರುವವರು ಅಲ್ಲೇ ಉಳಿಯುತ್ತಾರೆ, ಹೊಸದು ಬಂದವರು ಮುಂದಿನ ಪಾಠಕ್ಕೆ ಹೋಗುತ್ತಾರೆ.